ಕಂಪೈಲರ್‌ಗೆ ಕಾಣದ ಕೈ

ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಕ್ಯಾನನ್ನು ನಲ್ಲಿಯ ಕೆಳಗಿಟ್ಟು ನಾಣ್ಯ ಹಾಕಿದರೆ 20 ಲೀಟರ್ ನೀರು ಬಂದು ತಾನಾಗಿಯೇ ನಿಲ್ಲುತ್ತದೆ. ಅಂಥದೊಂದು ಯಂತ್ರವನ್ನು ನಾವೇ ಕಟ್ಟುತ್ತಿದ್ದೇವೆ ಎಂದುಕೊಳ್ಳೋಣ. ಬೇಕಾಗುವುದು ಮುಖ್ಯವಾಗಿ ಮೂರು ಭಾಗ: ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ವಾಲ್ವ್, ಹರಿದ ನೀರನ್ನು ಅಳೆಯುವ ಒಂದು ಸೆನ್ಸರ್, ಇವೆರಡನ್ನೂ ಆಳುವ ಒಂದು ಮೈಕ್ರೋಕಂಟ್ರೋಲರ್. ಆರ್ಡುಇನೋ ಊನೋ ಬೋರ್ಡಿನಲ್ಲಿರುವ ಎಟಿಮೆಗಾ 328ಪಿ ಚಿಪ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಅದು 8 ಬಿಟ್‌ನ ಚಿಪ್, ಊನೋ ಬೋರ್ಡಿನಲ್ಲಿ ಸೆಕೆಂಡಿಗೆ 1 ಕೋಟಿ 60 ಲಕ್ಷ ಗಡಿಯಾರದ ಬಡಿತಗಳ ವೇಗದಲ್ಲಿ ಓಡುತ್ತದೆ.

ಹರಿವಿನ ಸೆನ್ಸರ್ ಒಳಗೆ ಒಂದು ಪುಟ್ಟ ಚಕ್ರವಿರುತ್ತದೆ. ನೀರು ಹರಿದಾಗ ಅದು ತಿರುಗುತ್ತದೆ, ತಿರುಗುವಾಗ ತಂತಿಯ ಮೇಲೆ ಒಂದೊಂದಾಗಿ ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಕೊಳ್ಳುವ ವೈಎಫ್-ಎಸ್201 ಎಂಬ ಅಗ್ಗದ ಸೆನ್ಸರ್ ಲೀಟರಿಗೆ ಸುಮಾರು 450 ಮಿಡಿತ ಕೊಡುತ್ತದೆ. ಅಂದರೆ 20 ಲೀಟರಿಗೆ 9000 ಮಿಡಿತ. ನಿಮಿಷಕ್ಕೆ ಹತ್ತು ಲೀಟರ್ ಹರಿದರೆ ಸೆಕೆಂಡಿಗೆ 75 ಮಿಡಿತ, ಕ್ಯಾನ್ ತುಂಬಲು ಎರಡು ನಿಮಿಷ.

ಪ್ರತಿ ಮಿಡಿತವನ್ನೂ ತಪ್ಪದೆ ಹಿಡಿಯಲು ಇಂಟರಪ್ಟ್ ಬಳಸುತ್ತೇವೆ. ಮಿಡಿತ ಬಂದ ಕೂಡಲೇ ಚಿಪ್ ತಾನು ಮಾಡುತ್ತಿದ್ದ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ, ನಾವು ಗೊತ್ತುಮಾಡಿದ ಒಂದು ಚಿಕ್ಕ ಫಂಕ್ಷನ್‌ಗೆ ಹೋಗಿ, ಅದನ್ನು ಮುಗಿಸಿ, ಬಿಟ್ಟ ಜಾಗಕ್ಕೆ ಮರಳುತ್ತದೆ. ಸಿ ಭಾಷೆಯಲ್ಲಿ ಬರೆದರೆ ಕಾರ್ಯಕ್ರಮದ ತಿರುಳು ಇಷ್ಟು:

```c
uint16_t pulses = 0;

ISR(INT0_vect)
{
    pulses++;
}

void fill_can(void)
{
    PORTB |= (1 << PB0);
    pulses = 0;
    while (pulses < 9000)
        ;
    PORTB &= ~(1 << PB0);
}
```

ಮೇಲಿನ ಪುಟ್ಟ ಫಂಕ್ಷನ್ ಇಂಟರಪ್ಟ್‌ನದು. ಮಿಡಿತ ಬಂದಾಗಲೆಲ್ಲ `pulses` ಒಂದೊಂದು ಹೆಚ್ಚುತ್ತದೆ. ಕೆಳಗಿನದು ವಾಲ್ವ್ ತೆರೆದು, ಎಣಿಕೆಯನ್ನು ಸೊನ್ನೆ ಮಾಡಿ, ಅದು 9000 ಮುಟ್ಟುವವರೆಗೆ ಕಾದು, ವಾಲ್ವ್ ಮುಚ್ಚುತ್ತದೆ. ಓದಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡದೆ ಇದನ್ನು ಒಪ್ಪಿಕೊಳ್ಳುತ್ತದೆ. ಚಿಪ್‌ಗೆ ಹಾಕಿ ನಾಣ್ಯ ಹಾಕಿದರೆ ಮಾತ್ರ ಕ್ಯಾನ್ ತುಂಬಿ ಹರಿಯುತ್ತದೆ, ನೆಲವೆಲ್ಲ ಒದ್ದೆಯಾಗುತ್ತದೆ, ನೀರು ನಿಲ್ಲುವುದೇ ಇಲ್ಲ.

ಸೆನ್ಸರ್ ಕೆಟ್ಟಿಲ್ಲ. ಇಂಟರಪ್ಟ್ ಕೂಡ ಬರುತ್ತಿದೆ, `pulses` ನೆನಪಿನ ಕೋಶದಲ್ಲಿ ಏರುತ್ತಲೇ ಇದೆ. 9000 ದಾಟಿದೆ, 10000 ದಾಟಿದೆ. ಆದರೆ ಅದನ್ನು ಯಾರೂ ನೋಡುತ್ತಿಲ್ಲ. ಏನಾಗಿದೆ ಎಂದು ತಿಳಿಯಬೇಕಾದರೆ ನಾವು ಬರೆದ ಸಿ ಸಾಲುಗಳನ್ನು ಬಿಟ್ಟು, ಕಂಪೈಲರ್ ಅದರಿಂದ ತಯಾರಿಸಿದ ಯಂತ್ರದ ಸೂಚನೆಗಳನ್ನು ನೋಡಬೇಕು. ಚಿಕ್ಕ ಗಾತ್ರದ ಕೋಡ್ ಬೇಕೆಂದು ಕೇಳಿದಾಗ, ಅಂದರೆ `-Os` ಎಂಬ ಆಯ್ಕೆ ಕೊಟ್ಟಾಗ, `fill_can` ಉಳಿಯುವುದು ಹೆಚ್ಚುಕಡಿಮೆ ಹೀಗೆ:

```
    sbi  0x05, 0
    sts  pulses+1, r1
    sts  pulses, r1
.L3:
    rjmp .L3
```

ಮೊದಲ ಸಾಲು ವಾಲ್ವ್ ತೆರೆಯುತ್ತದೆ. ಮುಂದಿನ ಎರಡು ಸಾಲು ಎಣಿಕೆಯನ್ನು ಸೊನ್ನೆ ಮಾಡುತ್ತವೆ. ಕೊನೆಯ ಸಾಲು ಇದ್ದ ಜಾಗಕ್ಕೇ ಜಿಗಿಯುತ್ತದೆ, ಮತ್ತೆ ಅಲ್ಲಿಗೇ, ಮತ್ತೆ ಅಲ್ಲಿಗೇ. ಎಣಿಕೆಯನ್ನು ಓದುವ ಸೂಚನೆ ಇಲ್ಲಿ ಒಂದೂ ಇಲ್ಲ. 9000ಕ್ಕೆ ಹೋಲಿಸುವುದೂ ಇಲ್ಲ. ವಾಲ್ವ್ ಮುಚ್ಚುವ ಸೂಚನೆಯಂತೂ ಚಿಪ್‌ನೊಳಗೆ ಹೋಗಿಯೇ ಇಲ್ಲ. ನಾವು ಬರೆದದ್ದು ನಮ್ಮ ಕಡತದಲ್ಲಿ ಉಳಿಯಿತು, ಯಂತ್ರಕ್ಕೆ ತಲುಪಲಿಲ್ಲ.

ಕಂಪೈಲರ್ ಇಲ್ಲಿ ತಪ್ಪು ಮಾಡಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳುವುದೇ ಈ ವಿಷಯದ ಮುಕ್ಕಾಲು ಪಾಲು. ಅದು `fill_can` ಫಂಕ್ಷನ್ನನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. `pulses` ಈಗತಾನೇ ಸೊನ್ನೆಯಾಯಿತು. ಮುಂದೆ ಕಾಯುವ ಲೂಪ್ ಇದೆ, ಆ ಲೂಪಿನ ಒಳಗೆ ಏನೂ ಇಲ್ಲ, ಬರಿಯ ಒಂದು ಅರ್ಧವಿರಾಮ. ಖಾಲಿ ಲೂಪಿನೊಳಗೆ `pulses`ನ ಬೆಲೆಯನ್ನು ಬದಲಿಸುವವರು ಯಾರು? ಯಾರೂ ಇಲ್ಲ. ಹಾಗಾದರೆ ಅದು ಎಂದೆಂದಿಗೂ ಸೊನ್ನೆಯೇ. ಸೊನ್ನೆ 9000ಕ್ಕಿಂತ ಚಿಕ್ಕದು, ಆದ್ದರಿಂದ ಷರತ್ತು ಯಾವಾಗಲೂ ನಿಜ, ಲೂಪ್ ಎಂದೂ ಮುಗಿಯದು, ಅದರ ಆಚೆಗಿನ ಸಾಲಿಗೆ ಯಾರೂ ತಲುಪರು. ತಲುಪದ ಸಾಲನ್ನು ಚಿಪ್‌ನಲ್ಲಿ ಇಟ್ಟು ಜಾಗ ಯಾಕೆ ಹಾಳುಮಾಡಬೇಕು?

ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ. ಬಿರುಕಿರುವುದು ಅದರ ಮೊದಲ ಊಹೆಯಲ್ಲಿ. ಕಾರ್ಯಕ್ರಮ ಎಂದರೆ ಒಂದರ ಹಿಂದೆ ಒಂದು ಬರುವ ಸಾಲುಗಳು, ಅವುಗಳ ನಡುವೆ ಬೇರೆ ಯಾರೂ ಕೈ ಹಾಕುವುದಿಲ್ಲ ಎಂಬುದು ಸಿ ಭಾಷೆಯ ಸಾಮಾನ್ಯ ಒಪ್ಪಂದ. ಇಂಟರಪ್ಟ್ ಫಂಕ್ಷನ್ ಅದೇ ಕಡತದಲ್ಲಿ, ನಾಲ್ಕು ಸಾಲು ಮೇಲೆಯೇ ಇದ್ದರೂ ಕಂಪೈಲರ್ ಅದನ್ನು ಸಂಬಂಧವಿಲ್ಲದ ಇನ್ನೊಂದು ಫಂಕ್ಷನ್ ಎಂದೇ ನೋಡುತ್ತದೆ. `fill_can` ಅದನ್ನು ಕರೆದಿಲ್ಲ. ಹೊರಗಿನ ಒಂದು ತಂತಿ ಅದನ್ನು ಕರೆಯುತ್ತದೆ ಎಂಬ ಸಂಗತಿ ಸಿ ಭಾಷೆಯ ಒಳಗೆ ಎಲ್ಲಿಯೂ ಬರೆದಿಲ್ಲ. ಬಸ್ ಬಂತೇ ಎಂದು ರಸ್ತೆಯತ್ತ ಒಮ್ಮೆ ನೋಡಿ, ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನು ನೋಡುವ ಅಗತ್ಯವೇ ಇಲ್ಲವೆಂದು ಕಣ್ಣು ಮುಚ್ಚಿ ಕೂತವನ ಹಾಗೆ ಅದು ಕಾಯುತ್ತದೆ.

ಇದಕ್ಕಿಂತ ವಿಚಿತ್ರವಾದದ್ದೂ ಆಗಬಹುದು. 2011ರ ಸಿ ಮಾನಕದಲ್ಲಿ ಒಂದು ನಿಯಮವಿದೆ: ಷರತ್ತು ಸ್ಥಿರವಲ್ಲದ ಲೂಪೊಂದು ಹೊರಗೆ ಕಾಣುವ ಯಾವ ಕೆಲಸವನ್ನೂ ಮಾಡದಿದ್ದರೆ, ಅದು ಎಂದಾದರೂ ಮುಗಿಯುತ್ತದೆ ಎಂದು ಕಂಪೈಲರ್ ಭಾವಿಸಿಕೊಳ್ಳಬಹುದು. ಈ ಅನುಮತಿಯನ್ನು ಬಳಸಿಕೊಳ್ಳುವ ಕಂಪೈಲರ್ ನಮ್ಮ ಕಾಯುವ ಲೂಪನ್ನೇ ಪೂರ್ತಿ ಕಿತ್ತುಹಾಕಬಹುದು. ಆಗ ವಾಲ್ವ್ ತೆರೆದ ಮರುಕ್ಷಣವೇ ಮುಚ್ಚಿಕೊಳ್ಳುತ್ತದೆ, ಕ್ಯಾನ್‌ಗೆ ಒಂದು ಹನಿಯೂ ಬೀಳುವುದಿಲ್ಲ. ಒಂದೇ ಕೋಡ್, ಒಂದು ಕಂಪೈಲರ್‌ನಲ್ಲಿ ನಿಲ್ಲದ ನೀರು, ಇನ್ನೊಂದರಲ್ಲಿ ಬಾರದ ನೀರು. ಎರಡೂ ನಿಯಮಬದ್ಧ.

ಈ ದೋಷವನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಹುಡುಕಲು ಹೋದವರ ಮುಂದೆ ಅದು ಅಡಗಿಕೊಳ್ಳುತ್ತದೆ. ಡೀಬಗ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಆಪ್ಟಿಮೈಸೇಶನ್ ನಿಲ್ಲಿಸುತ್ತಾರೆ, ಅಂದರೆ `-O0` ಕೊಡುತ್ತಾರೆ. ಆಗ ಜಿಸಿಸಿ ಕಂಪೈಲರ್ ಪ್ರತಿ ವೇರಿಯಬಲ್ಲನ್ನೂ ಪ್ರತಿ ಸಲವೂ ನೆನಪಿನಿಂದಲೇ ಓದುತ್ತದೆ, ಯಂತ್ರ ಸರಿಯಾಗಿ ನಡೆಯುತ್ತದೆ. ಇನ್ನು ಕೆಲವರು ಎಣಿಕೆ ಎಲ್ಲಿಯವರೆಗೆ ಬಂದಿದೆ ನೋಡೋಣ ಎಂದು ಲೂಪಿನೊಳಗೆ ಒಂದು ಪ್ರಿಂಟ್ ಸಾಲು ಸೇರಿಸುತ್ತಾರೆ. ಆ ಪ್ರಿಂಟ್ ಫಂಕ್ಷನ್ ಬೇರೆ ಕಡತದಲ್ಲಿದ್ದರೆ ಅದರ ಒಳಗೆ ಏನಿದೆಯೋ ಕಂಪೈಲರ್‌ಗೆ ತಿಳಿಯದು. ಅದು `pulses` ಅನ್ನು ಬದಲಿಸಿಯೂ ಇರಬಹುದು ಎಂಬ ಎಚ್ಚರದಿಂದ ಪ್ರತಿ ಸುತ್ತಿನಲ್ಲೂ ಮತ್ತೆ ಓದುತ್ತದೆ. ಪ್ರಿಂಟ್ ಇದ್ದರೆ ನೀರು ನಿಲ್ಲುತ್ತದೆ, ತೆಗೆದರೆ ನಿಲ್ಲುವುದಿಲ್ಲ. ಇಂಥ ನಡವಳಿಕೆ ಕಂಡಾಗ ಹಲವರು ಇದು ಟೈಮಿಂಗ್ ಸಮಸ್ಯೆ ಎಂದು ತೀರ್ಮಾನಿಸಿ, ಒಂದು ಸಣ್ಣ ವಿಳಂಬ ಸೇರಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ಇಂಥ ಪರಿಹಾರ ಕಂಪೈಲರ್‌ನ ಮುಂದಿನ ಆವೃತ್ತಿ ಬರುವ ತನಕ ಮಾತ್ರ ಬಾಳುತ್ತದೆ. ಆಪ್ಟಿಮೈಸೇಶನ್ ಇಲ್ಲದಾಗ ಸರಿಯಿದ್ದು, ಇದ್ದಾಗ ಕೆಡುವ ಕೋಡ್ ಕಂಡರೆ ಮೊದಲ ಅನುಮಾನ ಹೋಗಬೇಕಾದದ್ದು ಇಂಥ ಹಂಚಿಕೊಂಡ ವೇರಿಯಬಲ್‌ಗಳ ಮೇಲೆ.

ಪರಿಹಾರ ಒಂದೇ ಪದದ್ದು.

```c
volatile uint16_t pulses = 0;
```

ಈ ಘೋಷಣೆಯ ಮೂಲಕ ನಾವು ಕಂಪೈಲರ್‌ಗೆ ಹೇಳುವುದು ಇಷ್ಟು: ಈ ವೇರಿಯಬಲ್ ನಿನಗೆ ಕಾಣದ ದಾರಿಯಿಂದ ಬದಲಾಗಬಹುದು. ನಾನು ಎಲ್ಲಿ ಓದಿದೆನೋ ಅಲ್ಲಿ ನೀನೂ ನಿಜವಾಗಿ ಓದು. ನಾನು ಎಲ್ಲಿ ಬರೆದೆನೋ ಅಲ್ಲಿ ನಿಜವಾಗಿ ಬರೆ. ಒಂದನ್ನೂ ಬಿಡಬೇಡ, ಹೊಸದನ್ನು ಸೇರಿಸಬೇಡ, ಇಂಥ ಓದು ಬರಹಗಳ ಪರಸ್ಪರ ಕ್ರಮವನ್ನು ಬದಲಿಸಬೇಡ. ಆಮೇಲೆ ಅದೇ ಲೂಪ್ ಹೀಗೆ ಬರುತ್ತದೆ:

```
.L3:
    lds  r24, pulses
    lds  r25, pulses+1
    cpi  r24, 40
    sbci r25, 35
    brlo .L3
```

ಈಗ ಪ್ರತಿ ಸುತ್ತಿನಲ್ಲೂ ನೆನಪಿನಿಂದ ಎರಡು ಬೈಟ್ ಓದುತ್ತದೆ, 9000ಕ್ಕೆ ಹೋಲಿಸುತ್ತದೆ, ಚಿಕ್ಕದಿದ್ದರೆ ಮಾತ್ರ ಮೇಲಕ್ಕೆ ಹೋಗುತ್ತದೆ. 35ನ್ನು 256ರಿಂದ ಗುಣಿಸಿ 40 ಕೂಡಿಸಿದರೆ 9000, ಅದಕ್ಕೇ ಆ ಎರಡು ಅಂಕಿಗಳು. ಇದನ್ನು ನಮ್ಮ ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳಬಹುದು. ಕಂಪೈಲ್ ಆದ ಕಡತದ ಮೇಲೆ `avr-objdump -d` ಓಡಿಸಿದರೆ ಸೂಚನೆಗಳೆಲ್ಲ ತೆರೆ ಮೇಲೆ ಬರುತ್ತವೆ. ಅಸೆಂಬ್ಲಿ ಪೂರ್ತಿ ಬರಬೇಕೆಂದಿಲ್ಲ. ಕಾಯುವ ಲೂಪಿನ ಒಳಗೆ `lds` ಇದೆಯೇ, ಹಿಂದಕ್ಕೆ ಜಿಗಿಯುವ ಸಾಲು ಅದರ ಮೇಲಕ್ಕೆ ಹೋಗುತ್ತದೆಯೇ ಎಂದು ನೋಡಿದರೆ ಸಾಕು.

ಇಲ್ಲಿಯವರೆಗೆ ಹೇಳಿದ್ದು ಇಂಟರಪ್ಟ್‌ನ ಕೈ. ಇನ್ನೊಂದು ಕೈ ಹಾರ್ಡ್‌ವೇರ್‌ನದು. ಮೈಕ್ರೋಕಂಟ್ರೋಲರ್‌ನಲ್ಲಿ ಕೆಲವು ವಿಳಾಸಗಳು ನೆನಪಿನ ವಿಳಾಸಗಳಂತೆ ಕಂಡರೂ ಅಲ್ಲಿರುವುದು ನೆನಪಲ್ಲ, ಸಾಧನದ ಒಂದು ತುದಿ. ಅವನ್ನು ಹಾರ್ಡ್‌ವೇರ್ ರಿಜಿಸ್ಟರ್‌ಗಳು ಎನ್ನುತ್ತಾರೆ. ಮೇಲಿನ ಪಟ್ಟಿಯಲ್ಲಿ ಕಂಡ `r24` ಬೇರೆ, ಅದು ಪ್ರೊಸೆಸರ್‌ನ ಸ್ವಂತ ಲೆಕ್ಕದ ಜಾಗ. ಎರಡಕ್ಕೂ ಒಂದೇ ಹೆಸರಿರುವುದರಿಂದ ಹೊಸಬರು ಆಗಾಗ ಗಲಿಬಿಲಿಗೊಳ್ಳುತ್ತಾರೆ.

ನಮ್ಮ ನೀರಿನ ಯಂತ್ರ ಪ್ರತಿ ಕ್ಯಾನ್ ತುಂಬಿದಾಗಲೂ ಸೀರಿಯಲ್ ತಂತಿಯ ಮೂಲಕ ಒಂದು ಡಿಸ್‌ಪ್ಲೇಗೆ ಸಂದೇಶ ಕಳಿಸಬೇಕು ಎನ್ನೋಣ. ಎಟಿಮೆಗಾ 328ಪಿಯಲ್ಲಿ ಸೀರಿಯಲ್ ಘಟಕದ ಸ್ಥಿತಿ ತಿಳಿಸುವ ರಿಜಿಸ್ಟರ್ `0xC0` ವಿಳಾಸದಲ್ಲಿದೆ, ಅಕ್ಷರ ಹಾಕುವ ರಿಜಿಸ್ಟರ್ `0xC6`ರಲ್ಲಿ. ಸ್ಥಿತಿಯ ರಿಜಿಸ್ಟರಿನ 5ನೇ ಬಿಟ್ 1 ಆಗಿದ್ದರೆ ಮುಂದಿನ ಅಕ್ಷರಕ್ಕೆ ಜಾಗ ಖಾಲಿಯಿದೆ ಎಂದರ್ಥ. 9600 ಬಾಡ್ ವೇಗದಲ್ಲಿ ಒಂದು ಅಕ್ಷರ ತಂತಿಯ ಮೇಲೆ ಹೋಗಲು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಚಿಪ್ ಹದಿನಾರು ಸಾವಿರಕ್ಕೂ ಹೆಚ್ಚು ಬಡಿತ ಮುಗಿಸಿರುತ್ತದೆ. ಹಾಗಾಗಿ ಅದು ಬಿಟ್ ಏಳುವ ತನಕ ಮತ್ತೆ ಮತ್ತೆ ಕೇಳುತ್ತಾ ಕಾಯಬೇಕು. ಈ ಕೇಳುತ್ತಾ ಕಾಯುವ ಕ್ರಮಕ್ಕೇ ಪೋಲಿಂಗ್ ಎನ್ನುವುದು.

```c
uint8_t *status = (uint8_t *)0xC0;
uint8_t *data   = (uint8_t *)0xC6;

while (!(*status & (1 << 5)))
    ;
*data = 'K';
```

ಇಲ್ಲಿಯೂ ಹಿಂದಿನ ಕಥೆಯೇ. ಲೂಪಿನೊಳಗೆ ಆ ವಿಳಾಸಕ್ಕೆ ಯಾರೂ ಬರೆಯುತ್ತಿಲ್ಲವಾದ್ದರಿಂದ ಕಂಪೈಲರ್ ಒಮ್ಮೆ ಓದಿ, ಬಿಟ್ 0 ಇದ್ದರೆ ಶಾಶ್ವತವಾಗಿ ಸುತ್ತತೊಡಗುತ್ತದೆ. ಮೊದಲ ಅಕ್ಷರ ಹೋಗುವಾಗ ಜಾಗ ಖಾಲಿಯೇ ಇರುವುದರಿಂದ ಬಿಟ್ 1 ಇರುತ್ತದೆ, ಅಕ್ಷರ ಸರಾಗವಾಗಿ ಹೋಗುತ್ತದೆ. ಸಂದೇಶದ ಒಂದೆರಡು ಅಕ್ಷರ ತೆರೆಯ ಮೇಲೆ ಬಂದು ಯಂತ್ರ ಸ್ತಬ್ಧವಾದರೆ ಇದೇ ಕಾರಣವಿರಬಹುದು.

ಓದುವುದಕ್ಕಿಂತ ಬರೆಯುವುದರಲ್ಲಿ ಆಗುವ ಹಾನಿ ಇನ್ನೂ ಸೂಕ್ಷ್ಮ. ಸಾಮಾನ್ಯ ವೇರಿಯಬಲ್ ಒಂದಕ್ಕೆ ಮೊದಲು 5 ಬರೆದು, ಯಾರೂ ಓದುವ ಮೊದಲೇ 7 ಬರೆದರೆ, 5 ಬರೆದದ್ದು ವ್ಯರ್ಥ. ಕಂಪೈಲರ್ ಅದನ್ನು ಅಳಿಸಿಹಾಕುತ್ತದೆ, ಅದೇ ಸರಿ. ಆದರೆ ಎಸ್‌ಟಿಎಂ32 ಎಫ್1 ಸರಣಿಯ ಚಿಪ್‌ಗಳನ್ನು ನೋಡಿ. ಅವುಗಳ ಫ್ಲ್ಯಾಶ್ ನೆನಪಿಗೆ ಆಕಸ್ಮಿಕವಾಗಿ ಯಾರೂ ಬರೆಯದಂತೆ ಬೀಗವಿರುತ್ತದೆ. ಬೀಗ ತೆಗೆಯಲು ಒಂದೇ ರಿಜಿಸ್ಟರಿಗೆ ಮೊದಲು `0x45670123`, ಅದರ ಬೆನ್ನಿಗೆ `0xCDEF89AB` ಎಂಬ ಎರಡು ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಬರೆಯಬೇಕು. `volatile` ಇಲ್ಲದ ಪಾಯಿಂಟರ್ ಮೂಲಕ ಬರೆದರೆ ಕಂಪೈಲರ್‌ಗೆ ಮೊದಲನೆಯದು ವ್ಯರ್ಥ ಬರಹವಾಗಿ ಕಾಣುತ್ತದೆ. ಎರಡನೆಯದು ಮಾತ್ರ ಚಿಪ್‌ಗೆ ಹೋಗುತ್ತದೆ. ಕ್ರಮ ತಪ್ಪಿದ ಕಾರಣ ಹಾರ್ಡ್‌ವೇರ್ ಆ ಬೀಗವನ್ನು ಮುಂದಿನ ರೀಸೆಟ್‌ವರೆಗೆ ತೆಗೆಯಲು ಬಾರದಂತೆ ಮುಚ್ಚಿಬಿಡುತ್ತದೆ.

ಓದುವುದು ಕೂಡ ಇಲ್ಲಿ ನಿರುಪದ್ರವಿ ಕ್ರಿಯೆಯಲ್ಲ. ಎಟಿಮೆಗಾದಲ್ಲಿ ಸೀರಿಯಲ್ ಮೂಲಕ ಬಂದ ಅಕ್ಷರವನ್ನು ಡೇಟಾ ರಿಜಿಸ್ಟರಿನಿಂದ ಓದಿದ ಕೂಡಲೇ ಅದು ಸಾಲಿನಿಂದ ಹೊರಬೀಳುತ್ತದೆ, ಮುಂದಿನ ಅಕ್ಷರ ಆ ಜಾಗಕ್ಕೆ ಬರುತ್ತದೆ. ಒಂದು ಸಲ ಓದಬೇಕಾದಲ್ಲಿ ಎರಡು ಸಲ ಓದಿದರೆ ಒಂದು ಅಕ್ಷರ ನಷ್ಟ, ಎರಡು ಸಲ ಓದಬೇಕಾದಲ್ಲಿ ಒಂದೇ ಸಲ ಓದಿದರೆ ಅದೇ ಅಕ್ಷರ ಎರಡು ಬಾರಿ. ಅದಕ್ಕಾಗಿಯೇ ಎಷ್ಟು ಸಲ, ಯಾವ ಕ್ರಮದಲ್ಲಿ ಎಂಬ ಎರಡನ್ನೂ `volatile` ಕಟ್ಟಿಹಾಕುತ್ತದೆ.

ಆರ್ಡುಇನೋ ಅಥವಾ ಎವಿಆರ್ ಚಿಪ್ ಬಳಸಿದ ಅನೇಕರು ತಮ್ಮ ಕೋಡಿನಲ್ಲಿ `volatile` ಎಂದು ಒಮ್ಮೆಯೂ ಬರೆಯದೆ `PORTB`, `PIND` ಮುಂತಾದ ರಿಜಿಸ್ಟರ್‌ಗಳನ್ನು ಸಲೀಸಾಗಿ ಬಳಸಿರುತ್ತಾರೆ. ಆ ಹೆಸರುಗಳೆಲ್ಲ ಮ್ಯಾಕ್ರೋಗಳು. ಅವುಗಳನ್ನು ಬಿಡಿಸುತ್ತಾ ಹೋದರೆ ಕೊನೆಗೆ ಸಿಗುವುದು ಇದು:

```c
(*(volatile uint8_t *)(mem_addr))
```

ಗ್ರಂಥಾಲಯ ಬರೆದವರು ನಮ್ಮ ಪರವಾಗಿ ಆ ಪದವನ್ನು ಹಾಕಿಟ್ಟಿದ್ದಾರೆ. ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳ ಹೆಡರ್ ಕಡತಗಳಲ್ಲಿ ಕಾಣುವ `__IO` ಎಂಬ ಗುರುತಿನ ಹಿಂದೆಯೂ ಇರುವುದು ಇದೇ `volatile`. ಈ ಸೌಲಭ್ಯದ ನೆರಳಿನಲ್ಲಿ ಕಲಿತವರು ಮೊದಲ ಬಾರಿ ತಮ್ಮದೇ ಇಂಟರಪ್ಟ್ ವೇರಿಯಬಲ್ ಘೋಷಿಸುವಾಗ ಎಡವುತ್ತಾರೆ, ಯಾಕೆಂದರೆ ಅಲ್ಲಿ ಆ ಪದವನ್ನು ಅವರ ಪರವಾಗಿ ಹಾಕುವವರು ಯಾರೂ ಇಲ್ಲ.

ಸಿ ಭಾಷೆ ಹುಟ್ಟಿದಾಗ ಈ ಪದ ಅದರಲ್ಲಿರಲಿಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಈ ಭಾಷೆಯನ್ನು ರೂಪಿಸಿದ್ದು ಪಿಡಿಪಿ-11 ಎಂಬ ಯಂತ್ರದ ಮೇಲೆ. ಆ ಯಂತ್ರದಲ್ಲೂ ಸಾಧನಗಳ ರಿಜಿಸ್ಟರ್‌ಗಳು ನೆನಪಿನ ವಿಳಾಸಗಳಂತೆಯೇ ಕಾಣುತ್ತಿದ್ದವು. ಆದರೆ ಅಂದಿನ ಕಂಪೈಲರ್‌ಗಳು ಇಷ್ಟು ದೂರದ ತರ್ಕ ಹೂಡುತ್ತಿರಲಿಲ್ಲ, ಬರೆದ ಸಾಲನ್ನು ಹೆಚ್ಚುಕಡಿಮೆ ಹಾಗೆಯೇ ಯಂತ್ರಕ್ಕೆ ಇಳಿಸುತ್ತಿದ್ದವು. ಕಂಪೈಲರ್‌ಗಳು ಜಾಣವಾದಂತೆಲ್ಲ ಅವುಗಳ ಜಾಣತನಕ್ಕೆ ಒಂದು ಎಲ್ಲೆ ಬೇಕಾಯಿತು. 1989ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಒಪ್ಪಿದ ಸಿ ಮಾನಕದೊಂದಿಗೆ `volatile` ಭಾಷೆಯ ಭಾಗವಾಯಿತು.

ಈಗ ನೀರಿನ ಯಂತ್ರಕ್ಕೆ ಮರಳೋಣ. `volatile` ಹಾಕಿದ್ದಾಯಿತು, ನೀರು ನಿಲ್ಲುತ್ತಿದೆ. ಆದರೆ ಕೆಲವೊಮ್ಮೆ ಕ್ಯಾನಿನಲ್ಲಿ ನೀರು ತುಸು ಕಡಿಮೆ ಬರುತ್ತದೆ. ಹೆಚ್ಚೇನೂ ಅಲ್ಲ, ಸುಮಾರು 90 ಮಿಲಿಲೀಟರ್. ಪ್ರತಿ ಸಲವೂ ಕೊರತೆ ಬಹುತೇಕ ಅಷ್ಟೇ ಇರುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಘಟ್ಟ ಇದೇ, ಯಾಕೆಂದರೆ `volatile` ಏನನ್ನು ಮಾಡುವುದಿಲ್ಲ ಎಂಬುದು ಇಲ್ಲಿ ಲೆಕ್ಕದ ಸಮೇತ ಕಾಣುತ್ತದೆ.

ಚಿಪ್ 8 ಬಿಟ್‌ನದು, ನಮ್ಮ ಎಣಿಕೆ 16 ಬಿಟ್‌ನದು. ಆದ್ದರಿಂದ ಅದನ್ನು ಒಂದೇ ಏಟಿಗೆ ಓದಲಾಗದು. ಮೇಲಿನ ಪಟ್ಟಿಯಲ್ಲಿ ಎರಡು `lds` ಇದ್ದದ್ದು ಅದಕ್ಕೇ: ಮೊದಲು ಕೆಳಗಿನ ಬೈಟ್, ಆಮೇಲೆ ಮೇಲಿನ ಬೈಟ್. ಈ ಎರಡರ ನಡುವೆ ಇಂಟರಪ್ಟ್ ಬಂದರೆ? ಹೆಚ್ಚಿನ ಸಮಯದಲ್ಲಿ ಏನೂ ಆಗುವುದಿಲ್ಲ. ಆದರೆ ಎಣಿಕೆ 8959 ಆಗಿದ್ದಾಗ ಹಾಗಾಯಿತು ಎನ್ನಿ. 8959 ಎಂದರೆ ಹದಿನಾರರ ಲೆಕ್ಕದಲ್ಲಿ `0x22FF`. ಚಿಪ್ ಕೆಳಗಿನ ಬೈಟ್ ಓದಿತು, `FF` ಸಿಕ್ಕಿತು. ಅಷ್ಟರಲ್ಲಿ ಮಿಡಿತ ಬಂದು ಎಣಿಕೆ 8960, ಅಂದರೆ `0x2300` ಆಯಿತು. ಮರಳಿ ಬಂದು ಮೇಲಿನ ಬೈಟ್ ಓದಿದರೆ ಸಿಗುವುದು `23`. ಎರಡನ್ನೂ ಜೋಡಿಸಿದರೆ `0x23FF`, ಅಂದರೆ 9215. ಎಣಿಕೆ ಎಂದೂ ತಲುಪದ ಒಂದು ಸಂಖ್ಯೆಯನ್ನು ಚಿಪ್ ಓದಿತು. 9215 ಎಂಬುದು 9000ಕ್ಕಿಂತ ದೊಡ್ಡದಾದ್ದರಿಂದ ವಾಲ್ವ್ ಮುಚ್ಚಿತು. ನಿಜವಾದ ಎಣಿಕೆ 8960, ಇನ್ನೂ 40 ಮಿಡಿತ ಬಾಕಿ. 40ನ್ನು 450ರಿಂದ ಭಾಗಿಸಿದರೆ 0.089 ಲೀಟರ್.

ಕೆಳಗಿನ ಬೈಟ್ ತುಂಬಿ ಮೇಲಿನದಕ್ಕೆ ದಾಟುವ ಘಳಿಗೆ ಒಂದು ಕ್ಯಾನ್ ತುಂಬುವಷ್ಟರಲ್ಲಿ 35 ಸಲ ಬರುತ್ತದೆ. ಅದರಲ್ಲಿ ಹಾನಿ ಮಾಡುವುದು ಈ ಕೊನೆಯದೊಂದೇ. ಅದರ ಹಿಂದಿನ ದಾಟುವಿಕೆಯಲ್ಲಿ ಓದು ಹರಿದರೂ ಸಿಗುವ ತಪ್ಪು ಸಂಖ್ಯೆ 8959, ಅದು 9000ಕ್ಕಿಂತ ಚಿಕ್ಕದೇ. ಹಾಗಾಗಿ ಕೊರತೆ ಪ್ರತಿ ಸಲವೂ ಒಂದೇ ಅಳತೆಯದು. ಎಷ್ಟು ಸಲ ಆಗುತ್ತದೆ ಎಂಬುದು ಲೂಪಿನ ಉದ್ದದ ಮೇಲೆ ನಿಂತಿದೆ. ನಮ್ಮ ಖಾಲಿ ಲೂಪ್ ಒಂದು ಸುತ್ತಿಗೆ 8 ಬಡಿತ ತೆಗೆದುಕೊಳ್ಳುತ್ತದೆ, ಅದರಲ್ಲಿ ಅಪಾಯದ ಕಿಂಡಿ ಸುಮಾರು 2 ಬಡಿತದ್ದು. ಅಂದರೆ ಹೆಚ್ಚುಕಡಿಮೆ ನಾಲ್ಕು ಕ್ಯಾನಿಗೆ ಒಂದು. ಇಷ್ಟು ಪದೇ ಪದೇ ಆದರೆ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಆದರೆ ಲೂಪಿನೊಳಗೆ ಡಿಸ್‌ಪ್ಲೇ, ಗುಂಡಿ ಅದು ಇದು ಎಂದು ಸೇರಿಸಿ ಒಂದು ಸುತ್ತಿಗೆ ಒಂದು ಮಿಲಿಸೆಕೆಂಡ್ ಹಿಡಿಯುವಂತಾದರೆ, ಅದೇ 2 ಬಡಿತದ ಕಿಂಡಿ 16,000 ಬಡಿತಗಳ ನಡುವೆ ಹುದುಗಿಕೊಳ್ಳುತ್ತದೆ. ಆಗ ಸುಮಾರು 8000 ಕ್ಯಾನಿಗೆ ಒಮ್ಮೆ ನೀರು ಕಡಿಮೆ ಬರುತ್ತದೆ. ಯಾವ ಪರೀಕ್ಷೆಯೂ ಅದನ್ನು ಹಿಡಿಯದು. ಯಾವುದೋ ಊರಿನಲ್ಲಿ ಯಾರೋ ಒಬ್ಬರು ಇಂದು ಕ್ಯಾನ್ ಪೂರ್ತಿ ತುಂಬಲಿಲ್ಲ ಎಂದರೆ ಯಾರೂ ನಂಬುವುದೂ ಇಲ್ಲ.

`volatile` ಕಂಪೈಲರ್‌ಗೆ ನಿಜವಾಗಿ ಓದು ಎಂದಿತು, ಅದು ಓದಿತು. ಒಂದೇ ಏಟಿಗೆ ಓದು ಎನ್ನುವ ಶಕ್ತಿ ಆ ಪದಕ್ಕಿಲ್ಲ. ಅದಕ್ಕಾಗಿ ಓದುವಷ್ಟು ಹೊತ್ತು ಇಂಟರಪ್ಟ್‌ಗಳನ್ನು ತಡೆಹಿಡಿಯಬೇಕು. ಎವಿಆರ್ ಗ್ರಂಥಾಲಯದಲ್ಲಿ ಇದಕ್ಕೆಂದೇ ಒಂದು ಅನುಕೂಲವಿದೆ:

```c
uint16_t read_pulses(void)
{
    uint16_t n;
    ATOMIC_BLOCK(ATOMIC_RESTORESTATE) {
        n = pulses;
    }
    return n;
}
```

ಕಾಯುವ ಲೂಪ್ ಇನ್ನು ಮೇಲೆ ಈ ಫಂಕ್ಷನ್ ಕೊಟ್ಟ ಬೆಲೆಯನ್ನು ಹೋಲಿಸುತ್ತದೆ. ತಡೆಹಿಡಿದ ಕೆಲವೇ ಬಡಿತಗಳಲ್ಲಿ ಮಿಡಿತ ಬಂದರೆ ಅದು ಕಳೆದುಹೋಗುವುದಿಲ್ಲ. ಹಾರ್ಡ್‌ವೇರ್ ಅದನ್ನು ಒಂದು ಬಿಟ್‌ನಲ್ಲಿ ಗುರುತಿಟ್ಟುಕೊಂಡು, ಬಾಗಿಲು ತೆರೆದ ಕೂಡಲೇ ಇಂಟರಪ್ಟ್ ಕರೆಯುತ್ತದೆ. ಮಿಡಿತಗಳ ನಡುವೆ 13 ಮಿಲಿಸೆಕೆಂಡ್ ಅಂತರವಿರುವಾಗ ಇದು ಎಳ್ಳಷ್ಟೂ ತೊಂದರೆಯಲ್ಲ. ಆರ್ಡುಇನೋದ `millis()` ಫಂಕ್ಷನ್ ಒಳಗೆ ನೋಡಿದರೂ ಇದೇ ಜೋಡಿ ಕಾಣುತ್ತದೆ: ಟೈಮರ್ ಇಂಟರಪ್ಟ್ ಏರಿಸುವ ನಾಲ್ಕು ಬೈಟ್‌ನ `timer0_millis` ಅನ್ನು `volatile` ಎಂದು ಘೋಷಿಸಿದ್ದಾರೆ, ಅದನ್ನು ಓದುವ ಮುನ್ನ ಇಂಟರಪ್ಟ್ ತಡೆದು, ಓದಿದ ಮೇಲೆ ಹಿಂದಿನ ಸ್ಥಿತಿಗೆ ತಂದಿದ್ದಾರೆ. ಎರಡರಲ್ಲಿ ಒಂದು ಬಿಟ್ಟರೂ ಆ ಫಂಕ್ಷನ್ ನೆಚ್ಚಲು ಬರುತ್ತಿರಲಿಲ್ಲ.

ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಇಷ್ಟವಾದದ್ದು ಅದೇ. ಹೋಲಿಕೆಯನ್ನು ಇಂಟರಪ್ಟ್ ಒಳಗೇ ಮಾಡಿ, 9000 ಆದಾಗ `done` ಎಂಬ ಒಂದು ಬೈಟ್‌ನ `volatile` ವೇರಿಯಬಲ್ಲನ್ನು 1 ಮಾಡುವುದು. ಮುಖ್ಯ ಕಾರ್ಯಕ್ರಮ ಆ ಒಂದು ಬೈಟನ್ನಷ್ಟೇ ನೋಡುತ್ತದೆ. ಒಂದು ಬೈಟನ್ನು ಈ ಚಿಪ್ ಒಂದೇ ಸೂಚನೆಯಲ್ಲಿ ಓದುವುದರಿಂದ ಅಲ್ಲಿ ಹರಿಯಲು ಏನೂ ಇಲ್ಲ. ಇಂಟರಪ್ಟ್ ಒಳಗಿನ `pulses++` ಕೂಡ ಕ್ಷೇಮ, ಯಾಕೆಂದರೆ ಎವಿಆರ್ ಚಿಪ್ ಒಂದು ಇಂಟರಪ್ಟ್ ನಡೆಸುವಾಗ, ನಾವಾಗಿ ಬಿಡದ ಹೊರತು, ಇನ್ನೊಂದನ್ನು ಒಳಗೆ ಬಿಡುವುದಿಲ್ಲ.

32 ಬಿಟ್‌ನ ಕಾರ್ಟೆಕ್ಸ್-ಎಂ ಚಿಪ್ ಬಳಸಿದರೆ ಈ ತಲೆನೋವೇ ಇಲ್ಲ ಎಂದು ಕೆಲವರು ಹೇಳುವುದುಂಟು. ಅದು ಅರ್ಧ ನಿಜ. ಸರಿಯಾದ ವಿಳಾಸದಲ್ಲಿರುವ 32 ಬಿಟ್‌ನ ಸಂಖ್ಯೆಯನ್ನು ಅದು ಒಂದೇ ಏಟಿಗೆ ಓದುತ್ತದೆ. ಆದರೆ ಒಂದು ಕ್ಯಾನ್ ಮುಗಿದಾಗ ಮುಖ್ಯ ಕಾರ್ಯಕ್ರಮದಲ್ಲಿ `pulses -= 9000` ಎಂದು ಬರೆದರೆ ಅದು ಓದು, ಕಳೆ, ಬರೆ ಎಂಬ ಮೂರು ಹೆಜ್ಜೆಗಳೇ. ಓದಿದ ಮೇಲೆ, ಬರೆಯುವ ಮೊದಲು ಬಂದ ಮಿಡಿತವನ್ನು ಕೊನೆಯ ಹೆಜ್ಜೆ ಅಳಿಸಿಹಾಕುತ್ತದೆ. ಅಲ್ಲಿಯೂ ಇಂಟರಪ್ಟ್ ತಡೆಯಲೇಬೇಕು.

`volatile` ಕೊಡದ ಇನ್ನೊಂದು ಭರವಸೆ ಕ್ರಮದ್ದು. ಇಂಟರಪ್ಟ್‌ಗೆ ಕೊಡಬೇಕಾದ ಸಂದೇಶವನ್ನು ಮುಖ್ಯ ಕಾರ್ಯಕ್ರಮ ಒಂದು ಸಾಮಾನ್ಯ ಬಫರ್‌ನಲ್ಲಿ ತುಂಬಿ, ಆಮೇಲೆ `ready` ಎಂಬ `volatile` ವೇರಿಯಬಲ್ಲನ್ನು 1 ಮಾಡುತ್ತದೆ ಎನ್ನಿ. `volatile` ಆದವುಗಳ ಪರಸ್ಪರ ಕ್ರಮ ಮಾತ್ರ ಭದ್ರ. ಬಫರ್ ಸಾಮಾನ್ಯದ್ದಾದ್ದರಿಂದ ಅದಕ್ಕೆ ಬರೆಯುವ ಕೆಲಸವನ್ನು ಕಂಪೈಲರ್ `ready = 1` ಆದ ನಂತರಕ್ಕೆ ತಳ್ಳಬಹುದು. ಸಿದ್ಧ ಎಂಬ ಬಾವುಟ ಮೊದಲು ಏರಿ, ಸಂದೇಶ ಆಮೇಲೆ ಬರುತ್ತದೆ. ಜಿಸಿಸಿಯಲ್ಲಿ ಎರಡರ ನಡುವೆ `__asm__ volatile("" ::: "memory");` ಎಂಬ ಸಾಲು ಹಾಕಿದರೆ ಕಂಪೈಲರ್ ಆ ಗೆರೆ ದಾಟಿ ನೆನಪಿನ ಓದು ಬರಹಗಳನ್ನು ಸರಿಸುವುದಿಲ್ಲ. ಎವಿಆರ್ ಗ್ರಂಥಾಲಯದ `cli()` ಮತ್ತು `sei()` ಒಳಗೇ ಇಂಥ ಗೆರೆ ಅಡಕವಾಗಿದೆ. ಒಂದೇ ಪ್ರೊಸೆಸರ್ ಇರುವ ಸಣ್ಣ ಚಿಪ್‌ಗಳಲ್ಲಿ ಇಷ್ಟು ಸಾಕು. ಎರಡು ಪ್ರೊಸೆಸರ್‌ಗಳು ಒಂದೇ ನೆನಪನ್ನು ಹಂಚಿಕೊಳ್ಳುವ ಚಿಪ್‌ಗಳಲ್ಲಿ ಹಾರ್ಡ್‌ವೇರ್ ಮಟ್ಟದ ತಡೆಗಳೂ ಸಿ11ರ ಅಟಾಮಿಕ್ ವಿಧಗಳೂ ಬೇಕಾಗುತ್ತವೆ.

ಹಾಗೆಂದು ಭಯಕ್ಕೆ ಎಲ್ಲ ವೇರಿಯಬಲ್‌ಗಳ ಮುಂದೆಯೂ `volatile` ಬರೆಯುವುದು ಒಳ್ಳೆಯ ಅಭ್ಯಾಸವಲ್ಲ. ಪ್ರತಿ ಓದಿಗೂ ನೆನಪಿಗೆ ಹೋಗಿಬರುವ ಬೆಲೆ ತೆರಬೇಕಾಗುತ್ತದೆ, ಚಿಕ್ಕ ಚಿಪ್‌ನಲ್ಲಿ ಅದು ಎದ್ದು ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಓದುಗನಿಗೆ ಆ ಪದ ಕೊಡುವ ಸುಳಿವು ನಾಶವಾಗುತ್ತದೆ. ಹಾರ್ಡ್‌ವೇರ್ ಅಥವಾ ಇಂಟರಪ್ಟ್ ನಿಜವಾಗಿ ಮುಟ್ಟುವ ವೇರಿಯಬಲ್‌ಗಳಿಗೆ ಮಾತ್ರ ಅದನ್ನು ಹಾಕಿ, ಒಂದೇ ಲೆಕ್ಕದಲ್ಲಿ ಬೆಲೆ ಹಲವು ಸಲ ಬೇಕಾದಾಗ ಮೊದಲು ಸ್ಥಳೀಯ ವೇರಿಯಬಲ್‌ಗೆ ಒಮ್ಮೆ ನಕಲು ಮಾಡಿಕೊಂಡರೆ ವೇಗವೂ ಉಳಿಯುತ್ತದೆ, ಲೆಕ್ಕದ ನಡುವೆ ಬೆಲೆ ಬದಲಾಗುವ ಗೊಂದಲವೂ ತಪ್ಪುತ್ತದೆ.

ಕಂಪೈಲರ್‌ಗಳೂ ಈ ಪದದ ವಿಷಯದಲ್ಲಿ ಎಡವಿದ್ದುಂಟು. ಯೂಟಾ ವಿಶ್ವವಿದ್ಯಾಲಯದ ಎರಿಕ್ ಐಡ್ ಮತ್ತು ಜಾನ್ ರೆಗರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉದ್ಯಮದಲ್ಲಿ ಬಳಕೆಯಲ್ಲಿದ್ದ 13 ಸಿ ಕಂಪೈಲರ್‌ಗಳನ್ನು ಪರೀಕ್ಷಿಸಿದರು. `volatile` ವೇರಿಯಬಲ್‌ಗಳನ್ನು ತಪ್ಪಾಗಿ ಕಂಪೈಲ್ ಮಾಡುವ ಸಂದರ್ಭ ಅವುಗಳಲ್ಲಿ ಪ್ರತಿಯೊಂದರಲ್ಲೂ ಸಿಕ್ಕಿತು. ಅವರು ಸೂಚಿಸಿದ ಉಪಾಯ ಸರಳವಾಗಿತ್ತು: ಇಂಥ ವೇರಿಯಬಲ್ಲನ್ನು ನೇರವಾಗಿ ಮುಟ್ಟದೆ, ಓದಲು ಒಂದು, ಬರೆಯಲು ಒಂದು ಚಿಕ್ಕ ಫಂಕ್ಷನ್ ಮಾಡಿಕೊಂಡು ಅವುಗಳ ಮೂಲಕವೇ ಮುಟ್ಟುವುದು. ಅವರು ಕಂಡ ತಪ್ಪುಗಳಲ್ಲಿ ಬಹುಪಾಲು ಅಷ್ಟರಿಂದಲೇ ತಪ್ಪಿದವು.